ನಾಲ್ಕು ವರ್ಷಕ್ಕೆ ದುಡ್ಡು ವಾಪಸ್, ಶೇ. 25 ಲಾಭ: ಒಂದು ಕಲರ್ ಸಾರ್ಟರ್‌ನ ಎರಡು ಲೆಕ್ಕ

ಸಕಲೇಶಪುರ, ಬೇಲೂರು, ಆಲೂರು ಕಡೆಯ ತೋಟಗಳ ಕಾಫಿ ಹಾಸನದ ಕ್ಯೂರಿಂಗ್ ವರ್ಕ್ಸ್‌ಗಳಿಗೆ ಬರುತ್ತದೆ. ಅಲ್ಲಿ ಸಿಪ್ಪೆ ತೆಗೆದು, ಜರಡಿ ಹಿಡಿದು, ಗಾತ್ರ, ಆಕಾರ ನೋಡಿ ಪಿಬಿ, ಎ, ಬಿ, ಸಿ ಅಂತ ಬೇರೆ ಮಾಡುತ್ತಾರೆ. ಜರಡಿಗೆ ಗಾತ್ರ ಗೊತ್ತಾಗುತ್ತದೆ, ಬಣ್ಣ ಗೊತ್ತಾಗುವುದಿಲ್ಲ. ಹಾಗಾಗಿ ಕಪ್ಪು ಬೀಜ, ಕಂದು ಬೀಜಗಳನ್ನು ಕೈಯಲ್ಲೇ ಆರಿಸಬೇಕು. ಸಾಲಾಗಿ ಕೂತ ಹೆಣ್ಣುಮಕ್ಕಳು ಬೀಜ ಹರಡಿಕೊಂಡು ಬೆರಳ ತುದಿಯಲ್ಲಿ ಸರಸರ ಆರಿಸುತ್ತಾ ಹೋಗುತ್ತಾರೆ.

ಈ ಕೆಲಸಕ್ಕೆ ಈಗ ಕಲರ್ ಸಾರ್ಟರ್ ಇದೆ. ಬೀಜ ಮೇಲಿನಿಂದ ಜಾರಿ ಬೀಳುವಾಗ ಕ್ಯಾಮೆರಾ ಒಂದೊಂದನ್ನೂ ನೋಡುತ್ತದೆ. ಬಣ್ಣ ಸರಿಯಿಲ್ಲದ ಬೀಜ ಕಂಡ ಕೂಡಲೇ ಪಕ್ಕದ ಎಜೆಕ್ಟರ್ ಗಾಳಿ ಊದಿ ಅದನ್ನು ಬೇರೆ ದಾರಿಗೆ ತಳ್ಳುತ್ತದೆ. ಆ ಗಾಳಿಗೆ ಒಂದು ಕಂಪ್ರೆಸರ್ ಬೇಕು.

ಈ ಯಂತ್ರದಿಂದ ಒಂದು ಚೀಲ ಕಾಫಿಯೂ ಹೆಚ್ಚಿಗೆ ಮಾರಾಟವಾಗುವುದಿಲ್ಲ. ಅದು ದುಡಿಯುವುದೇನಿದ್ದರೂ ಖರ್ಚು ಉಳಿಸುವುದರಲ್ಲಿ. ಇಂಥ ಯಂತ್ರ ಕೊಳ್ಳಬೇಕೋ ಬೇಡವೋ ಅನ್ನುವಾಗ ನಮ್ಮ ಕಡೆ ಎರಡು ಪ್ರಶ್ನೆ ಕೇಳುತ್ತಾರೆ. ಮಾಲೀಕರು ಕೇಳುವುದು, "ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರುತ್ತೆ?" ಅದು ಪೇಬ್ಯಾಕ್ ಅವಧಿ. ಲೆಕ್ಕ ಬರೆಯುವವರು ಕೇಳುವುದು, "ವರ್ಷಕ್ಕೆ ನೂರಕ್ಕೆ ಎಷ್ಟು ಲಾಭ ಬೀಳುತ್ತೆ?" ಅದು ಅಕೌಂಟಿಂಗ್ ರೇಟ್ ಆಫ್ ರಿಟರ್ನ್, ಚುಟುಕಾಗಿ ಎಆರ್‌ಆರ್. ಒಂದೇ ಯಂತ್ರದ ಬಗ್ಗೆ ಕೇಳಿದ ಪ್ರಶ್ನೆಗಳಾದರೂ ಇವೆರಡು ಒಂದೊಂದು ಸಲ ಪೂರ್ತಿ ಉಲ್ಟಾ ಉತ್ತರ ಕೊಡುತ್ತವೆ. ಅದು ಯಾಕೆ ಅಂತ ಒಂದು ಲೆಕ್ಕ ಮಾಡಿಯೇ ನೋಡೋಣ. ಕೆಳಗಿನ ಅಂಕಿಗಳನ್ನು ಲೆಕ್ಕ ಸುಲಭವಾಗಲಿ ಅಂತ ನಾನೇ ಇಟ್ಟಿದ್ದೇನೆ. ನಿಮ್ಮ ಕೊಟೇಶನ್, ನಿಮ್ಮ ಕೂಲಿ ದರ ಹಾಕಿಕೊಂಡರೆ ದಾರಿ ಇದೇ.

ಮೊದಲು ಉಳಿತಾಯ ಎಷ್ಟು ಅಂತ ಗೊತ್ತಾಗಬೇಕು

ಹಾಸನದ ಹತ್ತಿರ ಒಂದು ಮಧ್ಯಮ ಗಾತ್ರದ ಕ್ಯೂರಿಂಗ್ ವರ್ಕ್ಸ್ ಅಂತ ಇಟ್ಟುಕೊಳ್ಳಿ. ಸೀಸನ್‌ನಲ್ಲಿ 150 ದಿನ ಆರಿಸುವ ಕೆಲಸ ಇರುತ್ತದೆ. ದಿನಕ್ಕೆ 2 ಟನ್, ಅಂದರೆ ವರ್ಷಕ್ಕೆ 300 ಟನ್ ಕಾಫಿ. ಆರಿಸಲು 20 ಜನ ಇದ್ದಾರೆ. ಕೂಲಿ, ಪಿಎಫ್, ಇಎಸ್‌ಐ, ಬೋನಸ್ ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ 500 ರೂಪಾಯಿ ಬೀಳುತ್ತದೆ.

ಯಂತ್ರ ಬಂದರೆ 20 ಜನರ ಕೂಲಿಯೂ ಉಳಿಯುತ್ತದೆ ಅಂತ ಮಾರುವವರು ಹೇಳಬಹುದು. ಹಾಗೆ ಆಗುವುದಿಲ್ಲ. ಯಂತ್ರದಿಂದ ಹೊರಬಂದ ಒಳ್ಳೆ ಕಾಫಿಯನ್ನು ಕೊನೆಗೊಂದು ಸಲ ಕಣ್ಣಾಡಿಸಿ ನೋಡಬೇಕು. ತಳ್ಳಿದ ಮಾಲಿನಲ್ಲಿ ಸಿಕ್ಕಿಕೊಂಡ ಒಳ್ಳೆ ಬೀಜವನ್ನು ಹೆಕ್ಕಬೇಕು. ಅದಕ್ಕೆ 8 ಜನ ಬೇಕೇ ಬೇಕು ಅಂದುಕೊಳ್ಳೋಣ. ಉಳಿಯುವುದು 12 ಜನರ ಕೂಲಿ. 12 ಜನ, 500 ರೂಪಾಯಿ, 150 ದಿನ ಗುಣಿಸಿದರೆ 9 ಲಕ್ಷ.

ಯಂತ್ರಕ್ಕೂ ಖರ್ಚಿದೆ. ಸಾರ್ಟರ್ ಮತ್ತು ಕಂಪ್ರೆಸರ್ ಸೇರಿ ಗಂಟೆಗೆ 15 ಯೂನಿಟ್ ಕರೆಂಟ್ ಎಳೆದರೆ, ದಿನಕ್ಕೆ 8 ಗಂಟೆಯಂತೆ 150 ದಿನಕ್ಕೆ 18,000 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಅಂದರೆ 1,44,000. ನಡೆಸುವ ಆಪರೇಟರ್‌ಗೆ ದಿನಕ್ಕೆ 600ರಂತೆ 90,000. ಸರ್ವಿಸ್ ಮತ್ತು ಎಜೆಕ್ಟರ್ ಬಿಡಿಭಾಗಕ್ಕೆ 66,000. ಒಟ್ಟು 3 ಲಕ್ಷ. 9 ಲಕ್ಷದಲ್ಲಿ ಇದನ್ನು ಕಳೆದರೆ ವರ್ಷದ ನಿಜವಾದ ಉಳಿತಾಯ 6 ಲಕ್ಷ.

ಈ 6 ಲಕ್ಷದ ಮೇಲೇ ಮುಂದಿನ ಎರಡೂ ಲೆಕ್ಕ ನಿಂತಿವೆ. ಇಲ್ಲಿ ತಪ್ಪಾದರೆ ಮುಂದೆ ಎಷ್ಟು ಚೆನ್ನಾಗಿ ಭಾಗಿಸಿದರೂ ಉಪಯೋಗವಿಲ್ಲ. ಇಲ್ಲಿ ಸೇರಬೇಕಾದದ್ದು ಯಂತ್ರ ಬಂದಿದ್ದರಿಂದ ಬದಲಾಗುವ ದುಡ್ಡು ಮಾತ್ರ. ಶೆಡ್ಡಿನ ಬಾಡಿಗೆ, ಮ್ಯಾನೇಜರ್ ಸಂಬಳ, ಆಫೀಸ್ ಖರ್ಚು ಯಂತ್ರ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಅದರಲ್ಲೊಂದು ಪಾಲನ್ನು ಯಂತ್ರದ ತಲೆಗೆ ಕಟ್ಟುವ ಅಭ್ಯಾಸ ಕೆಲವು ಲೆಕ್ಕಪತ್ರಗಳಲ್ಲಿದೆ. ಈ ತೀರ್ಮಾನಕ್ಕೆ ಅದು ಬೇಡ.

ಅದೇ ರೀತಿ, 12 ಜನರ ಕೂಲಿ ಉಳಿಯುತ್ತದೆ ಅಂತ ಬರೆದ ಮಾತ್ರಕ್ಕೆ ಅದು ಉಳಿಯುವುದಿಲ್ಲ. ಹತ್ತಿಪ್ಪತ್ತು ವರ್ಷದಿಂದ ಸೀಸನ್ ತಪ್ಪದೆ ಬರುತ್ತಿರುವ ಹೆಂಗಸರನ್ನು ಏಕಾಏಕಿ ಮನೆಗೆ ಕಳಿಸಲು ಬಹಳ ಮಾಲೀಕರಿಗೆ ಮನಸ್ಸು ಬರುವುದಿಲ್ಲ. ಬರಬಾರದು ಕೂಡ. ಅವರನ್ನು ಚೀಲ ಹೊಲಿಯಲು, ಯಾರ್ಡ್ ಗುಡಿಸಲು ಹಾಕುತ್ತಾರೆ. ಅದು ಸರಿಯಾದ ನಿರ್ಧಾರವೇ ಇರಬಹುದು. ಆದರೆ ಆಗ 9 ಲಕ್ಷ ಉಳಿಯಿತು ಅಂತ ಬರೆಯುವ ಹಾಗಿಲ್ಲ. ಅವರು ಹೋದ ಕಡೆ ಬೇರೆಯವರನ್ನು ತೆಗೆದುಕೊಳ್ಳುವುದು ತಪ್ಪಿದ್ದರೆ ಮಾತ್ರ ಅದು ಉಳಿತಾಯ. ನಿಜ ಏನು ಅಂತ ಹಾಜರಿ ಪುಸ್ತಕ ಹೇಳುತ್ತದೆ. ಯಂತ್ರ ಬಂದ ಮೇಲೆ ಒಟ್ಟು ಹಾಜರಿ ದಿನಗಳು ಕಡಿಮೆಯಾಗಿವೆಯಾ ನೋಡಿ. ಇಲ್ಲ ಅಂದರೆ ಉಳಿತಾಯ ಇನ್ನೂ ಕಾಗದದ ಮೇಲೇ ಇದೆ.

ಪೇಬ್ಯಾಕ್: ನಾಲ್ಕು ವರ್ಷ

ಯಂತ್ರದ ಬೆಲೆ, ಕಂಪ್ರೆಸರ್, ಸಾಗಾಟ, ಫೌಂಡೇಶನ್, ವೈರಿಂಗ್ ಎಲ್ಲ ಸೇರಿ 24 ಲಕ್ಷ ಅಂತಿರಲಿ. ಕೊಟೇಶನ್‌ನಲ್ಲಿ ಬರೀ ಯಂತ್ರದ ಬೆಲೆ ಇರುತ್ತದೆ. ಉಳಿದದ್ದನ್ನು ನಾವೇ ಸೇರಿಸಿಕೊಳ್ಳಬೇಕು. 24 ಲಕ್ಷವನ್ನು 6 ಲಕ್ಷದಿಂದ ಭಾಗಿಸಿದರೆ 4. ನಾಲ್ಕು ವರ್ಷಕ್ಕೆ ಹಾಕಿದ ದುಡ್ಡು ಕೈಸೇರುತ್ತದೆ.

ಇಷ್ಟು ಸರಳ ಲೆಕ್ಕದಲ್ಲೂ ಒಂದು ತಪ್ಪು ಪದೇ ಪದೇ ಆಗುತ್ತದೆ. ಉಳಿತಾಯದಲ್ಲಿ ಸವಕಳಿಯನ್ನೂ ಕಳೆದು, ಆಮೇಲೆ ಭಾಗಿಸುವುದು. ಈ ಯಂತ್ರ 8 ವರ್ಷ ಬಾಳಿ, ಕೊನೆಗೆ 4 ಲಕ್ಷಕ್ಕೆ ಮಾರಾಟವಾಗುತ್ತದೆ ಅಂದುಕೊಳ್ಳಿ. ಸವೆಯುವುದು 20 ಲಕ್ಷ, ವರ್ಷಕ್ಕೆ 2.5 ಲಕ್ಷ. 6 ಲಕ್ಷದಲ್ಲಿ ಇದನ್ನು ಕಳೆದರೆ 3.5 ಲಕ್ಷ. 24 ಲಕ್ಷವನ್ನು 3.5 ಲಕ್ಷದಿಂದ ಭಾಗಿಸಿದರೆ ಹತ್ತಿರ ಹತ್ತಿರ 7 ವರ್ಷ ಬರುತ್ತದೆ. ಇದು ತಪ್ಪು. ಸವಕಳಿ ಅಂತ ಯಾರಿಗೂ ಚೆಕ್ ಬರೆದು ಕೊಡುವುದಿಲ್ಲ ಅಲ್ವಾ? ಯಂತ್ರಕ್ಕೆ ಕೊಟ್ಟ 24 ಲಕ್ಷ ಮೊದಲ ದಿನವೇ ಹೋಗಿದೆ. ಅದನ್ನು ಒಂದು ಕಡೆ ಹಾಕಿದ ಬಂಡವಾಳ ಅಂತ ಎಣಿಸಿ, ಇನ್ನೊಂದು ಕಡೆ ಸವಕಳಿ ಅಂತ ಕಳೆದರೆ ಒಂದೇ ದುಡ್ಡನ್ನು ಎರಡು ಸಲ ಎಣಿಸಿದ ಹಾಗೆ. ಪೇಬ್ಯಾಕ್‌ಗೆ ಬೇಕಾದ್ದು ಕೈಗೆ ಬರುವ, ಕೈಯಿಂದ ಹೋಗುವ ದುಡ್ಡು ಮಾತ್ರ.

ಉಳಿತಾಯ ಪ್ರತಿ ವರ್ಷ ಒಂದೇ ಇರದಿದ್ದರೆ ಭಾಗಾಕಾರ ನಡೆಯುವುದಿಲ್ಲ. ವರ್ಷ ವರ್ಷ ಕೂಡುತ್ತಾ ಹೋಗಬೇಕು. ಮಾಲೀಕರು ಹೆಂಗಸರನ್ನು ಒಮ್ಮೆಲೇ ಬಿಡಿಸಲಿಲ್ಲ, ವಯಸ್ಸಾಗಿ ಬಿಟ್ಟವರ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳಲಿಲ್ಲ ಅಷ್ಟೆ. ಕೂಲಿ ದರವೂ ವರ್ಷ ವರ್ಷ ಏರಿತು. ಆಗ ಉಳಿತಾಯ ಮೊದಲ ವರ್ಷ 3 ಲಕ್ಷ, ಎರಡನೇ ವರ್ಷವೂ 3, ಆಮೇಲೆ 4, 5, 7, 8, 9, ಕೊನೇ ವರ್ಷ 9 ಲಕ್ಷ ಆಗಬಹುದು. ಎಂಟು ವರ್ಷ ಕೂಡಿದರೆ 48 ಲಕ್ಷ, ಸರಾಸರಿ ಅದೇ 6 ಲಕ್ಷ. ಆದರೆ ಐದು ವರ್ಷ ಮುಗಿದಾಗ ಬಂದಿರುವುದು 22 ಲಕ್ಷ. ಇನ್ನೂ 2 ಲಕ್ಷ ಬೇಕು. ಆರನೇ ವರ್ಷದ 8 ಲಕ್ಷದಲ್ಲಿ ಅದು ಕಾಲು ಭಾಗ. ಪೇಬ್ಯಾಕ್ 5.25 ವರ್ಷ.

ಈ ಕಾಲು ವರ್ಷವನ್ನು ಮೂರು ತಿಂಗಳು ಅಂತ ನಂಬಿ ಕೂರಬೇಡಿ. ಉಳಿತಾಯ ವರ್ಷ ಪೂರ್ತಿ ಸಮನಾಗಿ ಬರುತ್ತದೆ ಅಂತ ಆ ಲೆಕ್ಕ ಅಂದುಕೊಳ್ಳುತ್ತದೆ. ನಮ್ಮಲ್ಲಿ ಕೆಲಸ ಇರುವುದು ಸೀಸನ್‌ನಲ್ಲಿ ಮಾತ್ರ. ಜನವರಿಯಲ್ಲಿ ಯಂತ್ರ ಕೂರಿಸಿದ್ದರೆ ವರ್ಷದ ಉಳಿತಾಯವೆಲ್ಲ ಮೊದಲ ಅರ್ಧದಲ್ಲೇ ಬಂದುಬಿಡುತ್ತದೆ. ಜುಲೈಯಲ್ಲಿ ಕೂರಿಸಿದ್ದರೆ ಅರ್ಧ ವರ್ಷ ಅದು ಸುಮ್ನೆ ನಿಂತಿರುತ್ತದೆ. ಹಾಗಾಗಿ ಇಲ್ಲಿ ಎಷ್ಟು ವರ್ಷ ಅನ್ನುವುದಕ್ಕಿಂತ ಎಷ್ಟು ಸೀಸನ್ ಅಂತ ಕೇಳುವುದೇ ಮೇಲು. ನಮ್ಮ ಉದಾಹರಣೆಯಲ್ಲಿ ಉತ್ತರ: ಆರನೇ ಸೀಸನ್‌ನ ಒಳಗೆ.

ಎಆರ್‌ಆರ್: ಶೇ. 25, ಇಲ್ಲವೇ ಶೇ. 14.6

ಎಆರ್‌ಆರ್ ನೋಡುವುದು ನಗದನ್ನಲ್ಲ, ಲಾಭವನ್ನು. ಹಾಗಾಗಿ ಇಲ್ಲಿ ಸವಕಳಿ ಕಳೆಯಲೇಬೇಕು. 6 ಲಕ್ಷದ ಉಳಿತಾಯದಲ್ಲಿ 2.5 ಲಕ್ಷ ಸವಕಳಿ ಹೋದರೆ ವರ್ಷಕ್ಕೆ ಸರಾಸರಿ 3.5 ಲಕ್ಷ ಲಾಭ. ಇದನ್ನು ಹೂಡಿದ ದುಡ್ಡಿನಿಂದ ಭಾಗಿಸಬೇಕು.

ಯಾವ ಹೂಡಿದ ದುಡ್ಡು? ಗಲಾಟೆ ಶುರುವಾಗುವುದೇ ಇಲ್ಲಿ. ಮೊದಲು ಹಾಕಿದ 24 ಲಕ್ಷದಿಂದ ಭಾಗಿಸಿದರೆ ಶೇ. 14.6. ಇನ್ನೊಂದು ರೂಢಿಯಲ್ಲಿ ಸರಾಸರಿ ಹೂಡಿಕೆಯಿಂದ ಭಾಗಿಸುತ್ತಾರೆ. ಯಂತ್ರ ಪುಸ್ತಕದಲ್ಲಿ 24 ಲಕ್ಷದಿಂದ ಶುರುವಾಗಿ ಸವೆಯುತ್ತಾ ಸವೆಯುತ್ತಾ 4 ಲಕ್ಷಕ್ಕೆ ಇಳಿಯುತ್ತದೆ. ಎರಡನ್ನೂ ಕೂಡಿ ಅರ್ಧ ಮಾಡಿದರೆ 14 ಲಕ್ಷ. 3.5 ಲಕ್ಷವನ್ನು 14 ಲಕ್ಷದಿಂದ ಭಾಗಿಸಿದರೆ ಸರಿಯಾಗಿ ಶೇ. 25.

ಗಮನಿಸಿ, ಇಲ್ಲಿ ಕೂಡಬೇಕು, ಕಳೆಯಬಾರದು. 24ರಲ್ಲಿ 4 ಕಳೆದು ಅರ್ಧ ಮಾಡಿ 10 ಲಕ್ಷ ಅಂತ ಬರೆಯುವವರಿದ್ದಾರೆ. ಆ ಕಳೆಯುವ ಲೆಕ್ಕ ಸವಕಳಿಗೆ ಸೇರಿದ್ದು. ಸರಾಸರಿ ಅಂದರೆ ಶುರುವಿನ ಬೆಲೆ ಮತ್ತು ಕೊನೆಯ ಬೆಲೆಯ ನಡುವಿನದು. ಗುಜರಿ ಬೆಲೆ ಜಾಸ್ತಿ ಇದ್ದಷ್ಟೂ ಸರಾಸರಿ ಹೂಡಿಕೆ ಜಾಸ್ತಿ ಆಗುತ್ತದೆ, ಯಾಕೆಂದರೆ ಅಷ್ಟು ದುಡ್ಡು ಕೊನೆವರೆಗೂ ಯಂತ್ರದಲ್ಲೇ ಸಿಕ್ಕಿಕೊಂಡಿರುತ್ತದೆ.

ಒಂದೇ ಯಂತ್ರ, ಒಂದೇ ಉಳಿತಾಯ, ಆದರೂ ಶೇ. 14.6 ಮತ್ತು ಶೇ. 25. ಎರಡೂ ಸುಳ್ಳಲ್ಲ. ಆದರೆ ಮಾರಲು ಬಂದವರು ಶೇ. 25 ಹೇಳಿ, ನಮ್ಮ ಹಳೆ ಯಂತ್ರದ ಲೆಕ್ಕ ಮೊದಲ ಹೂಡಿಕೆಯ ಮೇಲೆ ಮಾಡಿದ್ದಾಗಿದ್ದರೆ, ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿದ್ದೇ ತಪ್ಪು. ಯಾರು ಎಆರ್‌ಆರ್ ಹೇಳಿದರೂ, "ಯಾವುದರಿಂದ ಭಾಗಿಸಿದ್ದು?" ಅಂತ ಮೊದಲು ಕೇಳಿ.

ಈ ಶೇ. 25ನ್ನು ಬ್ಯಾಂಕಿನ ಬಡ್ಡಿಯ ಪಕ್ಕ ಇಟ್ಟು ನೋಡುವುದಂತೂ ಇನ್ನೂ ಅಪಾಯ. ಸಾಲಕ್ಕೆ ಶೇ. 12 ಬಡ್ಡಿ, ಯಂತ್ರದಿಂದ ಶೇ. 25, ಅಂದರೆ ಇಮ್ಮಡಿಗಿಂತ ಜಾಸ್ತಿ ಅಂತ ಖುಷಿಪಡುತ್ತಾರೆ. ಬ್ಯಾಂಕ್ ತನ್ನ ಬಡ್ಡಿಯನ್ನು ತಿಂಗಳು ತಿಂಗಳು, ಉಳಿದ ಅಸಲಿನ ಮೇಲೆ ಎಣಿಸುತ್ತದೆ. ದುಡ್ಡು ಯಾವಾಗ ಬಂತು, ಯಾವಾಗ ಹೋಯಿತು ಅನ್ನುವುದು ಅದರೊಳಗೇ ಇದೆ. ಎಆರ್‌ಆರ್‌ನಲ್ಲಿ ಅದು ಇಲ್ಲವೇ ಇಲ್ಲ.

ಮೇಲೆ ಹೇಳಿದ ನಿಧಾನದ ಉಳಿತಾಯವನ್ನು ಮತ್ತೆ ನೋಡಿ. 3, 3, 4, 5, 7, 8, 9, 9 ಲಕ್ಷ. ಸರಾಸರಿ 6 ಲಕ್ಷವೇ. ಹಾಗಾಗಿ ಎಆರ್‌ಆರ್ ಈಗಲೂ ಶೇ. 25. ಮೊದಲ ಮೂರು ವರ್ಷಕ್ಕೆ 18 ಲಕ್ಷ ಬರಬೇಕಿದ್ದಲ್ಲಿ 10 ಲಕ್ಷ ಬಂದಿದೆ. ಸಾಲದ ಕಂತು ಕಟ್ಟುವವರಿಗೆ ಇದು ನಿದ್ದೆ ಕೆಡಿಸುವ ವ್ಯತ್ಯಾಸ. ಎಆರ್‌ಆರ್‌ಗೆ ಅದು ಕಾಣಿಸುವುದೇ ಇಲ್ಲ. ಇದೊಂದನ್ನು ಪೇಬ್ಯಾಕ್ ಹಿಡಿಯುತ್ತದೆ: 4 ಇದ್ದದ್ದು 5.25 ಆಗಿದೆ.

ಎಆರ್‌ಆರ್‌ನ ಇನ್ನೊಂದು ತೊಂದರೆ ಯಂತ್ರ ಹಳೆಯದಾದ ಮೇಲೆ ಗೊತ್ತಾಗುತ್ತದೆ. ಕೆಲವು ಕಡೆ ಇದನ್ನು ಕೊಳ್ಳುವ ಮುಂಚೆ ಮಾತ್ರವಲ್ಲ, ವರ್ಷ ವರ್ಷವೂ ಲೆಕ್ಕ ಹಾಕುತ್ತಾರೆ. ಮೊದಲ ವರ್ಷ ಯಂತ್ರದ ಪುಸ್ತಕ ಬೆಲೆ 24ರಿಂದ 21.5 ಲಕ್ಷಕ್ಕೆ ಇಳಿಯುತ್ತದೆ, ಸರಾಸರಿ 22.75. ಲಾಭ 3.5 ಲಕ್ಷ. ಬರುವುದು ಶೇ. 15.4. ಎಂಟನೇ ವರ್ಷ ಪುಸ್ತಕ ಬೆಲೆ 6.5ರಿಂದ 4 ಲಕ್ಷ, ಸರಾಸರಿ 5.25. ಲಾಭ ಅದೇ 3.5 ಲಕ್ಷ. ಬರುವುದು ಶೇ. 66.7. ಯಂತ್ರ ಒಂದಿಷ್ಟೂ ಸುಧಾರಿಸಿಲ್ಲ. ಕ್ಯಾಮೆರಾ ಮಬ್ಬಾಗಿರಬಹುದು, ಎಜೆಕ್ಟರ್ ಸೋರುತ್ತಿರಬಹುದು. ಪುಸ್ತಕದಲ್ಲಿ ಬೆಲೆ ಇಳಿದಿದ್ದಕ್ಕೇ ಶೇಕಡಾವಾರು ಏರಿದೆ. ಈ ಅಂಕಿ ಮೇಲೆ ಮ್ಯಾನೇಜರ್‌ನ ಕೆಲಸ ಅಳೆದರೆ, ಹಳೆ ಯಂತ್ರ ಬಿಟ್ಟು ಹೊಸದು ತರಲು ಅವರು ಯಾಕಾದರೂ ಒಪ್ಪುತ್ತಾರೆ? ಹೊಸದು ಬಂದ ವರ್ಷವೇ ಅವರ ಶೇ. 66 ಹೋಗಿ ಶೇ. 15 ಆಗುತ್ತದೆ.

ಸವಕಳಿಯ ಬಗ್ಗೆ ಒಂದು ಮಾತು. ಇಲ್ಲಿ ವರ್ಷಕ್ಕೆ ಸಮನಾಗಿ 2.5 ಲಕ್ಷ ಹಿಡಿದಿದ್ದೇವೆ. ಆದಾಯ ತೆರಿಗೆಗೆ ಸಾಮಾನ್ಯ ಯಂತ್ರಗಳ ಸವಕಳಿ ಬೇರೆ ರೀತಿ, ಉಳಿದ ಬೆಲೆಯ ಮೇಲೆ ಶೇ. 15. ಕೊಂಡ ಹಣಕಾಸು ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಆ ವರ್ಷ ಅದರ ಅರ್ಧ. ಸೀಸನ್‌ಗೆ ಅಂತ ಜನವರಿಯಲ್ಲಿ ಕೂರಿಸಿದರೆ ಮಾರ್ಚ್ 31ಕ್ಕೆ ಮೂರೇ ತಿಂಗಳು. 24 ಲಕ್ಷಕ್ಕೆ 3.6 ಲಕ್ಷದ ಬದಲು 1.8 ಲಕ್ಷ ಸವಕಳಿ ಸಿಗುತ್ತದೆ. ತೆರಿಗೆ ಸೇರಿಸಿ ಲೆಕ್ಕ ಮಾಡುವವರು ಇದನ್ನು ಆಡಿಟರ್ ಹತ್ತಿರ ಕೂತು ಹಾಕಿಸಿಕೊಳ್ಳಬೇಕು. ಈ ಲೇಖನದ ಅಂಕಿಗಳೆಲ್ಲ ತೆರಿಗೆಗೆ ಮುಂಚಿನವು.

ಎರಡು ಯಂತ್ರ, ಎರಡು ಉತ್ತರ

ಈಗ ಎರಡನೇ ಕೊಟೇಶನ್ ಬಂತು. ಸಣ್ಣ ಯಂತ್ರ, ಸೆಕೆಂಡ್ ಹ್ಯಾಂಡ್. ಎಲ್ಲ ಸೇರಿ 12 ಲಕ್ಷ. ಖರ್ಚು ಕಳೆದು ವರ್ಷಕ್ಕೆ 4 ಲಕ್ಷ ಉಳಿಸುತ್ತದೆ. ನಾಲ್ಕು ವರ್ಷ ಓಡುತ್ತದೆ, ಆಮೇಲೆ ಅದಕ್ಕೆ ಬೆಲೆಯಿಲ್ಲ.

ಪೇಬ್ಯಾಕ್ ನೋಡಿದರೆ 12 ಭಾಗಿಸು 4, ಮೂರೇ ವರ್ಷ. ದೊಡ್ಡದಕ್ಕೆ ನಾಲ್ಕು. ಸಣ್ಣದೇ ಗೆದ್ದಿತು.

ಎಆರ್‌ಆರ್ ನೋಡಿ. ಸವಕಳಿ ವರ್ಷಕ್ಕೆ 3 ಲಕ್ಷ, ಲಾಭ 1 ಲಕ್ಷ, ಸರಾಸರಿ ಹೂಡಿಕೆ 6 ಲಕ್ಷ. ಶೇ. 16.7. ದೊಡ್ಡದಕ್ಕೆ ಶೇ. 25. ಇಲ್ಲಿ ದೊಡ್ಡದು ಗೆದ್ದಿತು.

ಯಾಕೆ ಹೀಗೆ? ಪೇಬ್ಯಾಕ್ ದುಡ್ಡು ವಾಪಸ್ ಬಂದ ದಿನ ಪುಸ್ತಕ ಮುಚ್ಚಿಬಿಡುತ್ತದೆ. ಸಣ್ಣ ಯಂತ್ರ ಮೂರು ವರ್ಷಕ್ಕೆ ಅಸಲು ಕೊಟ್ಟು, ಇನ್ನೊಂದೇ ವರ್ಷ ದುಡಿದು ನಿಲ್ಲುತ್ತದೆ. ಅಸಲಿನ ಮೇಲೆ ಸಿಕ್ಕಿದ್ದು ಒಟ್ಟು 4 ಲಕ್ಷ. ದೊಡ್ಡದು ನಾಲ್ಕು ವರ್ಷಕ್ಕೆ ಅಸಲು ಕೊಟ್ಟು, ಇನ್ನೂ ನಾಲ್ಕು ವರ್ಷ 6 ಲಕ್ಷದಂತೆ ಉಳಿಸಿ, ಕೊನೆಗೆ 4 ಲಕ್ಷಕ್ಕೆ ಮಾರಾಟವಾಗುತ್ತದೆ. ಅಸಲಿನ ಮೇಲೆ 28 ಲಕ್ಷ. ಈ 24 ಲಕ್ಷದ ವ್ಯತ್ಯಾಸ ಪೇಬ್ಯಾಕ್‌ನ ಕಣ್ಣಿಗೆ ಬೀಳುವುದಿಲ್ಲ.

ಎಂಟು ವರ್ಷಕ್ಕೂ ನಾಲ್ಕು ವರ್ಷಕ್ಕೂ ಹೋಲಿಕೆ ಸರಿಯಲ್ಲ ಅಂತ ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಸಣ್ಣದು ಕೆಟ್ಟ ಮೇಲೆ ಅಂಥದ್ದೇ ಇನ್ನೊಂದನ್ನು ಅದೇ ಬೆಲೆಗೆ ತಂದರೂ ಎಂಟು ವರ್ಷಕ್ಕೆ ಸಿಗುವುದು 8 ಲಕ್ಷ. 28ರ ಹತ್ತಿರಕ್ಕೂ ಬರುವುದಿಲ್ಲ.

ಹಾಗಂತ ಎಆರ್‌ಆರ್ ಸರಿ, ಪೇಬ್ಯಾಕ್ ತಪ್ಪು ಅಂತ ತೀರ್ಮಾನಿಸಬೇಡಿ. ಈ ಸಲ ಎಆರ್‌ಆರ್‌ನ ಉತ್ತರ ಸರಿ ಬಿದ್ದಿದೆ, ಆದರೆ ಕಾಲದ ಬೆಲೆಯನ್ನು ಎರಡೂ ಬಿಟ್ಟಿವೆ. ಇವತ್ತು ಕೈಯಲ್ಲಿರುವ 6 ಲಕ್ಷ ಮತ್ತು ಎಂಟನೇ ವರ್ಷ ಬರುವ 6 ಲಕ್ಷ ಒಂದೇ ಅಲ್ಲ. ಶೇ. 12 ಬಡ್ಡಿಯ ಲೆಕ್ಕದಲ್ಲಿ ಒಂದು ವರ್ಷದ ನಂತರ ಬರುವ ರೂಪಾಯಿಗೆ ಇವತ್ತು 89 ಪೈಸೆ ಬೆಲೆ. ನಾಲ್ಕನೇ ವರ್ಷದ್ದಕ್ಕೆ 64 ಪೈಸೆ. ಎಂಟನೇ ವರ್ಷದ್ದಕ್ಕೆ 40 ಪೈಸೆ. ಪ್ರತಿ ವರ್ಷದ ಉಳಿತಾಯವನ್ನು ಹೀಗೆ ಇಳಿಸಿ, ಕೂಡಿ, ಹಾಕಿದ ದುಡ್ಡನ್ನು ಕಳೆದರೆ ಸಿಗುವುದು ನಿವ್ವಳ ಪ್ರಸ್ತುತ ಮೌಲ್ಯ.

ದೊಡ್ಡ ಯಂತ್ರಕ್ಕೆ ಅದು ಸುಮಾರು 7.4 ಲಕ್ಷ. ನಿಧಾನವಾಗಿ ಏರುವ ಉಳಿತಾಯ ಹಿಡಿದರೆ ಸುಮಾರು 4.4 ಲಕ್ಷ. ಎಆರ್‌ಆರ್ ಎರಡನ್ನೂ ಶೇ. 25 ಅಂದಿತ್ತು, ಇಲ್ಲಿ 3 ಲಕ್ಷದ ವ್ಯತ್ಯಾಸ ಹೊರಬಿತ್ತು. ಸಣ್ಣ ಯಂತ್ರಕ್ಕೆ ಎಷ್ಟು ಗೊತ್ತಾ? ಸುಮಾರು 15,000 ರೂಪಾಯಿ. ಅಂದರೆ ಮೂರೇ ವರ್ಷಕ್ಕೆ ದುಡ್ಡು ವಾಪಸ್ ಅಂತ ಆಸೆ ಹುಟ್ಟಿಸಿದ ಯಂತ್ರ, ಬಡ್ಡಿ ಲೆಕ್ಕ ಹಾಕಿದಾಗ ಹೆಚ್ಚುಕಡಿಮೆ ಏನೂ ಕೊಡುವುದಿಲ್ಲ. ಒಂದು ಎಜೆಕ್ಟರ್ ಸೆಟ್ ಅವಧಿಗೆ ಮುಂಚೆ ಹೋದರೂ ನಷ್ಟ. ಅದರ ಶೇ. 16.7 ಎಆರ್‌ಆರ್ ಕೂಡ ಬ್ಯಾಂಕಿನ ಶೇ. 12ಕ್ಕಿಂತ ಆರಾಮಾಗಿ ಮೇಲಿದ್ದ ಹಾಗೆ ಕಾಣುತ್ತಿತ್ತು.

ಪೇಬ್ಯಾಕ್ ಬಿಡಲು ಇಷ್ಟವಿಲ್ಲದವರು ಇಳಿಸಿದ ಉಳಿತಾಯದ ಮೇಲೇ ಅದನ್ನು ಹಾಕಬಹುದು. ದೊಡ್ಡ ಯಂತ್ರದ ನಾಲ್ಕು ವರ್ಷ ಆಗ ಸುಮಾರು 5.8 ವರ್ಷ ಆಗುತ್ತದೆ. ಬಡ್ಡಿ ಸಮೇತ ದುಡ್ಡು ಬರುವ ಕಾಲ ಅದು. ಆದರೆ ಆಮೇಲಿನ ವರ್ಷಗಳನ್ನು ಈ ಲೆಕ್ಕವೂ ನೋಡುವುದಿಲ್ಲ.

ತಳ್ಳಿದ ಮಾಲಿನಲ್ಲಿರುವ ಒಳ್ಳೆ ಬೀಜ

ಎರಡೂ ಲೆಕ್ಕ ಮರೆಯುವ ಒಂದು ಖರ್ಚು ಯಂತ್ರದ ಕೆಳಗೇ ಬಿದ್ದಿರುತ್ತದೆ. ಗಾಳಿ ಕಪ್ಪು ಬೀಜವನ್ನು ತಳ್ಳುವಾಗ ಪಕ್ಕದಲ್ಲಿ ಬೀಳುತ್ತಿದ್ದ ಒಳ್ಳೆ ಬೀಜವೂ ಜೊತೆಗೆ ಹೋಗುತ್ತದೆ. ಯಂತ್ರವನ್ನು ಜಾಸ್ತಿ ಕಟ್ಟುನಿಟ್ಟಾಗಿ ಸೆಟ್ ಮಾಡಿದರೆ ಹೊರಬರುವ ಕಾಫಿ ಬಹಳ ಚೆನ್ನಾಗಿ ಕಾಣುತ್ತದೆ, ತಳ್ಳಿದ ರಾಶಿಯಲ್ಲಿ ಒಳ್ಳೆ ಬೀಜ ಹೆಚ್ಚುತ್ತದೆ. ಆ ರಾಶಿಯಿಂದ ಒಂದು ಕೆಜಿ ತೆಗೆದು ತಟ್ಟೆಯಲ್ಲಿ ಹರಡಿ, ಒಳ್ಳೆಯದನ್ನು ಬೇರೆ ಮಾಡಿ ತೂಗಿ. ದಿನಕ್ಕೆರಡು ಸಲ ತೂಗಿ ಬರೆದಿಟ್ಟರೆ ಒಂದು ವಾರದಲ್ಲಿ ಚಿತ್ರ ಸಿಗುತ್ತದೆ. ಎಂಟು ಜನ ಎಷ್ಟೇ ಹೆಕ್ಕಿದರೂ ಒಂದಷ್ಟು ಉಳಿದೇ ಉಳಿಯುತ್ತದೆ.

ನಮ್ಮ 300 ಟನ್‌ನಲ್ಲಿ ಹೀಗೆ ಹೋಗುವುದು ಶೇ. 0.2 ಅಂದರೂ 600 ಕೆಜಿ. ಒಳ್ಳೆ ಗ್ರೇಡಿಗೂ ತಳ್ಳಿದ ಮಾಲಿಗೂ ಕೆಜಿಗೆ 100 ರೂಪಾಯಿ ವ್ಯತ್ಯಾಸ ಇದ್ದರೆ 60,000 ಹೋಯಿತು. ಉಳಿತಾಯ 6 ಲಕ್ಷದಿಂದ 5.4 ಲಕ್ಷಕ್ಕೆ ಇಳಿಯಿತು, ಶೇ. 10 ಕಡಿಮೆ. ಪೇಬ್ಯಾಕ್ 4 ವರ್ಷದಿಂದ 4.4 ವರ್ಷ ಆಯಿತು. ಎಆರ್‌ಆರ್ ಇನ್ನೂ ಜೋರಾಗಿ ಬಿತ್ತು. ಸವಕಳಿ 2.5 ಲಕ್ಷ ಹಾಗೇ ಇರುವುದರಿಂದ ಹೋದ 60,000 ಪೂರ್ತಿ ಲಾಭದಿಂದಲೇ ಹೋಗುತ್ತದೆ. 3.5 ಲಕ್ಷ ಇದ್ದದ್ದು 2.9 ಲಕ್ಷ. ಶೇ. 25 ಇದ್ದದ್ದು ಶೇ. 20.7.

ಕಾಫಿಯಲ್ಲಿ ಒಂದು ವರ್ಷ ಫಸಲು ಜೋರು, ಇನ್ನೊಂದು ವರ್ಷ ಕಡಿಮೆ. ಕಡಿಮೆ ಬಂದ ವರ್ಷ 150 ದಿನದ ಬದಲು 110 ದಿನ ಕೆಲಸ ಇದ್ದರೆ ಕೂಲಿಯ ಉಳಿತಾಯ 9 ಲಕ್ಷದಿಂದ 6.6 ಲಕ್ಷಕ್ಕೆ ಇಳಿಯುತ್ತದೆ. ಕರೆಂಟ್, ಆಪರೇಟರ್ ಖರ್ಚೂ ಕಡಿಮೆಯಾಗುತ್ತದೆ, ಸರ್ವಿಸ್ ಕಾಂಟ್ರಾಕ್ಟ್‌ನ ಖರ್ಚು ಮಾತ್ರ ಕಡಿಮೆಯಾಗುವುದಿಲ್ಲ. ಆದ್ದರಿಂದ ಲೆಕ್ಕವನ್ನು ಒಂದೇ ಅಂಕಿಯಲ್ಲಿ ಮುಗಿಸದೆ ಒಳ್ಳೆ ಫಸಲಿಗೊಂದು, ಕೆಟ್ಟ ಫಸಲಿಗೊಂದು ಮಾಡಿಡಿ.

ಪೇಬ್ಯಾಕ್‌ಗೇ ಮೊದಲ ಮಣೆ ಹಾಕಬೇಕಾದಾಗ

ಇಷ್ಟೆಲ್ಲ ಕೊರತೆ ಇದ್ದರೂ ಒಂದು ಸಂದರ್ಭದಲ್ಲಿ ನಾನು ಪೇಬ್ಯಾಕ್‌ನ ಮಾತನ್ನೇ ಮೊದಲು ಕೇಳುತ್ತೇನೆ. ಆ ಕ್ಯೂರಿಂಗ್ ವರ್ಕ್ಸ್ ಲೀಸ್ ಮೇಲೆ ನಡೆಯುತ್ತಿದೆ, ಲೀಸ್ ಇನ್ನು ಮೂರೂವರೆ ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಮುಂದುವರಿಸುವ ಯೋಚನೆ ಇಲ್ಲ ಅಂದುಕೊಳ್ಳಿ. ಆಗ ಎಂಟು ವರ್ಷದ ಸರಾಸರಿಗೆ ಅರ್ಥವೇ ಇಲ್ಲ. ಮೂರೂವರೆ ವರ್ಷಕ್ಕೆ ದೊಡ್ಡ ಯಂತ್ರ 21 ಲಕ್ಷ ಉಳಿಸಿರುತ್ತದೆ. ಅಸಲಿಗೆ ಇನ್ನೂ 3 ಲಕ್ಷ ಬಾಕಿ. ಯಂತ್ರವನ್ನು ಬಿಚ್ಚಿ ಮಾರಬಹುದು, ಆದರೆ ಫೌಂಡೇಶನ್‌ಗೆ, ವೈರಿಂಗ್‌ಗೆ ಹಾಕಿದ್ದು ಅಲ್ಲೇ ಉಳಿಯುತ್ತದೆ. ಕೊಳ್ಳುವವರು ಎಷ್ಟು ಕೊಡುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಸಣ್ಣ ಯಂತ್ರ ಅಷ್ಟರಲ್ಲಿ ತನ್ನ 12 ಲಕ್ಷ ವಾಪಸ್ ಕೊಟ್ಟು ಮೇಲೆ 2 ಲಕ್ಷ ಉಳಿಸಿರುತ್ತದೆ. ಆದರೆ ಶೇ. 12ರ ಸಾಲ ತಂದಿದ್ದರೆ ಆ 2 ಲಕ್ಷ ಬಡ್ಡಿಗೂ ಸಾಲುವುದಿಲ್ಲ. ಅಂಥ ಮಾಲೀಕರಿಗೆ ಮೂರನೇ ಉತ್ತರವೂ ಇದೆ: ಎರಡೂ ಯಂತ್ರ ಬಿಟ್ಟು, ಆ 20 ಜನರ ಕೈಯಲ್ಲೇ ಇನ್ನು ಮೂರು ಸೀಸನ್ ಆರಿಸಿಕೊಂಡು ಹೋಗುವುದು.